ಫ್ರಿಜ್ಜಿನ ಬೆನ್ನು

ಫ್ರಿಜ್ಜು, ಏಸಿ, ಕೋಲ್ಡ್ ಸ್ಟೋರೇಜಿನ ಯಂತ್ರ ಇವನ್ನೆಲ್ಲ ರಿಪೇರಿ ಮಾಡಲು ಕಲಿಸುವ ಆ ತರಬೇತಿ ಸಂಸ್ಥೆಯಲ್ಲಿ ಎಲ್ಲರಿಗೂ ಏನಾದರೊಂದು ಗೊತ್ತಿರುವುದಕ್ಕೆ ಸಂಬಳ ಬರುತ್ತಿತ್ತು. ಯಾಕಮ್ಮನಿಗೆ ಮಾತ್ರ ಗೊತ್ತಿಲ್ಲದಿರುವುದಕ್ಕೆ ಬರುತ್ತಿತ್ತು. ಇದನ್ನು ಹೊಸಬರಿಗೆ ಹೇಳಿದರೆ ಕಿಸಕ್ಕನೆ ನಗುತ್ತಿದ್ದರು. ನಗಲಿ ಪಾಪ, ಕೆಲಸವೇ ಅಂಥದ್ದು.

ಅಲ್ಲಿಗೆ ಕಲಿಯಲು ಬರುವವರಲ್ಲಿ ಅರ್ಧಕ್ಕರ್ಧ ಜನ ಶಾಲೆಯನ್ನು ನಡುವೆಯೇ ಬಿಟ್ಟವರು. ಅವರ ಕೈಗೆ ಕಾಲೇಜಿನ ಪುಸ್ತಕ ಕೊಟ್ಟರೆ ಕಬ್ಬಿಣದ ಕಡಲೆ ಕೊಟ್ಟ ಹಾಗೆ. ಆದ್ದರಿಂದ ಸಂಸ್ಥೆಯಲ್ಲಿ ಪಠ್ಯ ವಿಭಾಗ ಎಂದು ಒಂದಿತ್ತು. ಅದರಲ್ಲಿ ಇಬ್ಬರೇ. ಒಬ್ಬರು ಮೇಷ್ಟ್ರು, ಹಿಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದು, ಗಂಟಲು ಕೈಕೊಟ್ಟ ಮೇಲೆ ಇಲ್ಲಿಗೆ ಬಂದು ಕೂತವರು. ಕಠಿಣವಾದದ್ದನ್ನು ಸುಲಭ ಮಾಡಿ ಬರೆಯುವುದು ಅವರ ಪಾಲಿನ ಕೆಲಸ. ಇನ್ನೊಬ್ಬಳು ಯಾಕಮ್ಮ. ಮೇಷ್ಟ್ರು ಬರೆದದ್ದನ್ನು ಓದಿ, ಏನೂ ತಿಳಿಯದವರು ಕೇಳುವಂಥ ಪ್ರಶ್ನೆ ಕೇಳುವುದು ಅವಳ ಪಾಲಿನದು. ಮಾತು ಮಾತಿಗೆ 'ಯಾಕೆ' ಅನ್ನುತ್ತಿದ್ದುದರಿಂದ ಯಾರೋ ಆ ಹೆಸರು ಅಂಟಿಸಿದರು, ಹಾಜರಿ ಕರೆಯುವ ಗುಮಾಸ್ತನೂ ಈಗ ಹಾಗೆಯೇ ಕರೆಯುತ್ತಾನೆ.

ಆ ಪ್ರಶ್ನೆ ಕೇಳುವುದಕ್ಕೆ ಒಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. ಮೇಷ್ಟ್ರಿಗಿಂತ ಹಿಂದೆ ವಿಭಾಗ ನೋಡಿಕೊಳ್ಳುತ್ತಿದ್ದವರು ಮಾಡಿಟ್ಟು ಹೋದದ್ದು. ಪ್ರಶ್ನೆ ಕೇಳಿದಾಗ ಬರೆದವರು ತುಟಿ ಬಿಚ್ಚಕೂಡದು. ಪುಟದಲ್ಲಿ ಉತ್ತರವಿರುವ ಸಾಲಿನ ಮೇಲೆ ಬೆರಳಿಡಬೇಕು, ಅಷ್ಟೇ. ಕೇಳಿದವರು ಆ ಸಾಲನ್ನು ಗಟ್ಟಿಯಾಗಿ ಓದಿ, 'ಸಿಕ್ತು' ಎಂದೋ 'ಸಿಗಲಿಲ್ಲ' ಎಂದೋ ಹೇಳಬೇಕು. ಉತ್ತರದ ಸಾಲೇ ಇಲ್ಲದಿದ್ದರೆ ಬೆರಳನ್ನು ಬರಿ ಮೇಜಿನ ಮೇಲಿಟ್ಟು ಸೋಲೊಪ್ಪಬೇಕು, ಪುಟ ವಾಪಸ್ ಹೋಗಬೇಕು. ಪುಸ್ತಕ ಓದುವವನ ಪಕ್ಕದಲ್ಲಿ ಮೇಷ್ಟ್ರು ಕೂತಿರುವುದಿಲ್ಲವಲ್ಲ, ಅದಕ್ಕೆ ಈ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇತ್ತು: ಪ್ರತಿ ಪುಸ್ತಕಕ್ಕೂ ಹೊಸ ಓದುಗರನ್ನು ಹುಡುಕಬೇಕು. ಇದು ಬಹಳ ಕಾಲ ನಡೆಯಲಿಲ್ಲ. ಬೀದಿಯಿಂದ ಕರೆತಂದವರು ಹತ್ತು ನಿಮಿಷ ಕೂತು ಆಕಳಿಸಿ ಎದ್ದುಹೋಗುತ್ತಿದ್ದರು. ಆಗ ಕಾರಿಡಾರು ಗುಡಿಸಲು ಬರುತ್ತಿದ್ದ ಈಕೆ ಕೂತಳು, ಕೇಳಿದಳು, ಮೇಷ್ಟ್ರ ಬೆವರಿಳಿಸಿದಳು. ಈ ಒಂದು ಪುಸ್ತಕಕ್ಕೆ ಎಂದು ಕೂರಿಸಿದವಳನ್ನು ಮೇಷ್ಟ್ರು ಮತ್ತೆ ಎಬ್ಬಿಸಲೇ ಇಲ್ಲ.

ಅಲ್ಲಿಂದ ಶುರುವಾಯಿತು ಅವಳ ಫಜೀತಿ. ವರ್ಷಗಟ್ಟಲೆ ಒಬ್ಬರಿಗೆ ಸುಲಭ ಮಾಡಿ ಹೇಳುತ್ತಲೇ ಹೋದರೆ ಅವರು ದಡ್ಡರಾಗಿಯೇ ಉಳಿಯಬೇಕೆಂದರೆ ಹೇಗೆ? ಯಾಕಮ್ಮನ ತಲೆ ಕಲ್ಲಲ್ಲ. ಕಂಪ್ರೆಸರು ಯಾಕೆ ಗುರುಗುಟ್ಟುತ್ತದೆ, ಗ್ಯಾಸು ಎಲ್ಲಿ ದ್ರವವಾಗುತ್ತದೆ, ದ್ರವ ಎಲ್ಲಿ ಮತ್ತೆ ಗ್ಯಾಸಾಗುತ್ತದೆ, ಇವೆಲ್ಲ ಅವಳಿಗೆ ಸ್ವಲ್ಪ ಸ್ವಲ್ಪವೇ ತಿಳಿಯುತ್ತಾ ಬಂತು. ಮೊದಮೊದಲು ಖುಷಿಯಾಯಿತು. ಆಮೇಲೆ ಭಯವಾಯಿತು. ತಿಳಿದದ್ದು ಹೊರಗೆ ಬಿದ್ದರೆ ಕೆಲಸಕ್ಕೇ ಕಲ್ಲು. ಹಾಗಾಗಿ ತಿಳಿದದ್ದನ್ನು ಕದ್ದ ಮಾಲಿನ ಹಾಗೆ ಬಚ್ಚಿಟ್ಟುಕೊಂಡು, ಹುಬ್ಬು ಗಂಟಿಕ್ಕಿ, 'ನಂಗೊತ್ತಿಲ್ಲಪ್ಪ' ಎನ್ನುವುದನ್ನು ರೂಢಿ ಮಾಡಿಕೊಂಡಳು.

ಮೇಷ್ಟ್ರಿಗೂ ಒಳಗೊಳಗೇ ಅನುಮಾನ. ಅವರು ಪುಸ್ತಕದ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸುತ್ತಿದ್ದರು. ಅದು ಇದು ಓದಿ ಕೆಟ್ಟುಹೋಗಬೇಡಿ ಎಂದು ನಗುತ್ತಲೇ ಗದರುತ್ತಿದ್ದರು. ಜಗತ್ತಿನಲ್ಲಿ ಇನ್ನೆಲ್ಲ ಮೇಷ್ಟ್ರುಗಳು ಓದು ಓದು ಎಂದು ಜೀವ ತಿನ್ನುತ್ತಾರೆ, ಇವರೊಬ್ಬರು ಓದಬೇಡ ಎಂದು ಕಾವಲು ಕಾಯುತ್ತಿದ್ದರು. ಕೆಟ್ಟವರೇನಲ್ಲ. ತಮ್ಮ ಬರಹವನ್ನು ಅಷ್ಟು ಮನಸ್ಸಿಟ್ಟು ಕೇಳಿದವರು ಅವರ ಜೀವಮಾನದಲ್ಲಿ ಬೇರೆ ಯಾರೂ ಇರಲಿಲ್ಲ, ಅದನ್ನು ಕಳೆದುಕೊಳ್ಳುವ ಭಯ ಅವರಿಗೆ.

ಅವರಿಬ್ಬರು ಕೂರುತ್ತಿದ್ದ ಕೋಣೆಯಾದರೂ ಎಂಥದ್ದು! ಹಿಂದೆ ತರಬೇತಿಗೆಂದು ಕಟ್ಟಿದ್ದ ಕೋಲ್ಡ್ ರೂಮು. ಮೊಳದಷ್ಟು ದಪ್ಪದ ಬಾಗಿಲು, ಗೋಡೆಯೊಳಗೆ ಥರ್ಮೋಕೋಲು, ಕಿಟಕಿಯ ಮಾತೇ ಇಲ್ಲ. ಯಂತ್ರ ಕೆಟ್ಟ ಮೇಲೆ ಅದನ್ನು ಬಿಚ್ಚಿ ಒಯ್ದು, ಕೋಣೆಯನ್ನು ಪಠ್ಯ ವಿಭಾಗಕ್ಕೆ ದಾನ ಮಾಡಿದ್ದರು. ಕೊಳವೆ ಹಾದುಹೋಗುತ್ತಿದ್ದ ತೂತಿಗೆ ಹಳೆ ಬಟ್ಟೆ ತುರುಕಿತ್ತು. ತಣ್ಣಗಿರಲೆಂದು ಕಟ್ಟಿದ ಆ ಕೋಣೆ ಬೆಳಗ್ಗೆ ತಕ್ಕಮಟ್ಟಿಗಿದ್ದು, ಮಧ್ಯಾಹ್ನದ ಹೊತ್ತಿಗೆ ಒಲೆಯಾಗುತ್ತಿತ್ತು. ಇಬ್ಬರ ಮೈ ಬಿಸಿ, ಕಂಪ್ಯೂಟರಿನ ಬಿಸಿ, ಮೇಲೆ ತಿರುಗುವ ಫ್ಯಾನಿನ ಬಿಸಿ ಯಾವುದೂ ಹೊರಗೆ ಹೋಗುತ್ತಿರಲಿಲ್ಲ. ಯಾಕಮ್ಮ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಡುತ್ತಿದ್ದಳು, ವರ್ಕ್‌ಶಾಪಿನ ಸುತ್ತಿಗೆ ಸದ್ದು ತಡೆಯಲಾರದೆ ಮೇಷ್ಟ್ರು ಮುಚ್ಚುತ್ತಿದ್ದರು.

ಮನೆಗೆ ಹೋದರೆ ಅಲ್ಲೂ ಅದೇ ಕಥೆ. ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆಯಲ್ಲಿದ್ದಳು. ಅಣ್ಣ ಒಳ್ಳೆಯವನು, ಅತ್ತಿಗೆಯೂ ಒಂದು ದಿನ ಗದರಿದವಳಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು. ಸಕ್ಕರೆಯಂಥ ಮಾತಿನ ಮುಂದೆ ಏನು ಮಾಡುವುದು? ಅಡುಗೆಮನೆಗೂ ಬಚ್ಚಲಿಗೂ ನಡುವೆ ಓಣಿಯಂಥ ಒಂದು ಜಾಗವಿತ್ತು. ಅದರ ಬಾಯಿಗೆ ಅಡ್ಡಲಾಗಿ, ಅಡುಗೆಮನೆಗೆ ಮುಖ ಮಾಡಿ, ಹಳೆಯ ಫ್ರಿಜ್ಜು ನಿಂತಿತ್ತು. ಅದರ ಹಿಂದೆ ಯಾಕಮ್ಮನ ಮಂಚ. ಮೂಲೆ ಬೆಚ್ಚಗಿರುತ್ತದೆ, ನಿನಗೇ ಒಳ್ಳೆಯದು ಎಂದಿದ್ದಳು ಅತ್ತಿಗೆ. ಬೆಚ್ಚಗೆ ಇದ್ದದ್ದು ನಿಜ. ಫ್ರಿಜ್ಜಿನ ಬೆನ್ನಿನ ಕಪ್ಪು ಕೊಳವೆಗಳಿಂದ ಬಿಸಿ ಹೊರಟು ಅವಳ ಬೆನ್ನಿಗೆ ತಾಗುತ್ತಿತ್ತು. ಚಳಿಗಾಲದಲ್ಲಿ ಹಾಯೆನಿಸುತ್ತಿತ್ತು, ಬೇಸಿಗೆಯಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಆಫೀಸಿನಲ್ಲಿ ದಿನವಿಡೀ ಯಾಕೆ ಯಾಕೆ ಎನ್ನುವವಳು ಮನೆಯಲ್ಲಿ ಒಂದು ದಿನ ಯಾಕೆ ಎಂದವಳಲ್ಲ. ಸಂಬಳ ತಂದು ಕೊಡುತ್ತಿದ್ದಳು, ಅದರಿಂದ ಆ ಮನೆಯಲ್ಲಿ ಅವಳ ತಟ್ಟೆಗೆ ಒಂದು ಮರ್ಯಾದೆ ಇತ್ತು. ಕೆಲಸ ಹೋದರೆ ಇಪ್ಪತ್ತನಾಲ್ಕು ಗಂಟೆಯೂ ಆ ಓಣಿಯೇ ಗತಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಸಂಸ್ಥೆಗೆ ಹೊಸ ಪ್ರಿನ್ಸಿಪಾಲ್ ಮೇಡಂ ಬಂದರು. ಲೆಕ್ಕಪತ್ರದ ಕಡೆಯಿಂದ ಬಂದವರು, ವಿಜ್ಞಾನದ ಗಂಧ ಗಾಳಿ ಇಲ್ಲ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಬಂದವರೇ ಒಂದು ಹೊಸ ಏರ್ಪಾಡು ಮಾಡಿದರು: ಶಾಲೆಯ ಸರ್ಟಿಫಿಕೇಟು ಇಲ್ಲದಿದ್ದರೂ ಸರಿ, ವಯಸ್ಸು ಎಷ್ಟಾದರೂ ಸರಿ, ಬಾಯಿಮಾತಿನ ಪರೀಕ್ಷೆಯಲ್ಲಿ ಪಾಸಾದವರು ಮೆಕ್ಯಾನಿಕ್ ತರಬೇತಿಗೆ ಸೇರಬಹುದು. ಇದನ್ನು ನೋಟಿಸ್ ಬೋರ್ಡಿನಲ್ಲಿ ಓದಿದ ದಿನ ಯಾಕಮ್ಮನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಸ್ಪ್ಯಾನರು ಹಿಡಿದು, ಯಂತ್ರದ ಬೆನ್ನು ಬಿಚ್ಚಿ, ಕೆಟ್ಟದ್ದನ್ನು ಸರಿ ಮಾಡುವ ಆಸೆ ಅವಳಿಗೆ ಎಷ್ಟಿತ್ತೆಂದು ಅವಳಿಗೇ ಆವತ್ತು ತಿಳಿದದ್ದು. ಅಳುಕುತ್ತಲೇ ಮೇಷ್ಟ್ರನ್ನು ಕೇಳಿದಳು. ವಿಭಾಗದವರು ಪರೀಕ್ಷೆಗೆ ಕೂರಬೇಕಾದರೆ ಅವರು ಹೂಂ ಎನ್ನಬೇಕಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು. ಎರಡು ದೋಣಿಯಲ್ಲಿ ಕಾಲಿಡಲಾಗುವುದಿಲ್ಲ ಎಂದರು. ಪರೀಕ್ಷೆಗೆ ಕೂತರೆ ನಿಮಗೆ ವಿಷಯ ಗೊತ್ತು ಎಂದಾಯಿತು, ಗೊತ್ತಿದ್ದವರು ಮೊದಲ ಓದುಗರಾಗಿರಲು ಬರುವುದಿಲ್ಲ. ಪರೀಕ್ಷೆಯಲ್ಲಿ ಫೇಲಾದರೆ ಅದೂ ಇಲ್ಲ ಇದೂ ಇಲ್ಲ. ಇಷ್ಟು ಹೇಳಿ, ನಿಜವಾದ ಮಾತನ್ನು ಆಡಿದರು. "ನೀವು ಹೋದ್ರೆ ಈ ವಿಭಾಗ ಮುಚ್ತಾರೆ ಯಾಕಮ್ಮ. ನನಗೆ ಬೇರೆ ಎಲ್ಲೂ ಜಾಗ ಇಲ್ಲ." ಯಾಕಮ್ಮ ಆಮೇಲೆ ಆ ಮಾತೆತ್ತಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗಾಗಿತ್ತು ಅವಳ ಸ್ಥಿತಿ.

ಮೇಡಮ್ಮನ್ನು ಮೇಲಿನವರು ಕೇಳುತ್ತಿದ್ದರಂತೆ, ಒಂದು ಚಿಕ್ಕ ಪುಸ್ತಕಕ್ಕೆ ಇಬ್ಬರು ಯಾಕೆ ಎಂದು. ಅದಕ್ಕೆ ಅವರು, ಮುಂದಿನ ಪುಸ್ತಕದ ಪ್ರಶ್ನೆ ಕೇಳುವ ಕೆಲಸ ನನ್ನೆದುರೇ ನಡೆಯಲಿ, ಉಪಯೋಗವಿದೆ ಅನಿಸಿದರೆ ವಿಭಾಗ ಇರಲಿ, ಇಲ್ಲವಾದರೆ ನೋಡೋಣ ಎಂದರು. ಆ ಮುಂದಿನ ಪುಸ್ತಕವೇ ಥರ್ಮೋಡೈನಮಿಕ್ಸಿನ ನಿಯಮಗಳು.

ಮೂಲ ಬರಹ ಯಾರೋ ದೊಡ್ಡ ಪ್ರೊಫೆಸರು ಬರೆದುಕೊಟ್ಟ ಸಾರಾಂಶ. ಎರಡೇ ಪುಟ, ಆದರೆ ಉಸಿರು ತೆಗೆದುಕೊಳ್ಳಲು ಒಂದು ಕಡೆಯೂ ಜಾಗವಿಲ್ಲ. 'ಪ್ರತ್ಯೇಕಿತ ವ್ಯವಸ್ಥೆಯೊಂದರ ಎಂಟ್ರೊಪಿಯು ಯಾವುದೇ ಸ್ವಯಂಪ್ರೇರಿತ ಪ್ರಕ್ರಿಯೆಯಲ್ಲಿ ಕ್ಷೀಣಿಸದು' ಎಂಬ ಸಾಲನ್ನು ಯಾಕಮ್ಮ ಗಟ್ಟಿಯಾಗಿ ಓದಿ, ಇದು ಬೈಗುಳವೋ ಆಶೀರ್ವಾದವೋ ಎಂದು ಕೇಳಿದಳು. ಮೇಷ್ಟ್ರು ಬಹಳ ದಿನಗಳ ಮೇಲೆ ಮನಸಾರೆ ನಕ್ಕರು. ನಕ್ಕು, ತೋಳೇರಿಸಿ ಕೂತರು.

ಮೇಷ್ಟ್ರ ಕೈಯಲ್ಲಿ ಗುಣವಿತ್ತು, ಅದನ್ನು ಒಪ್ಪಲೇಬೇಕು. ನಿಯಮಗಳು ನಾಲ್ಕು, ಮೊದಲನೆಯದಕ್ಕೆ ಸೊನ್ನೆಯ ನಂಬರು. ಉಳಿದವಕ್ಕೆ ನಂಬರು ಕೊಟ್ಟಾದ ಮೇಲೆ, ಇದು ಎಲ್ಲಕ್ಕೂ ಮುಂಚೆ ಬರಬೇಕಿತ್ತಲ್ಲ ಎಂದು ಹೊಳೆದು ಆಮೇಲೆ ತಲೆಗೆ ಸೇರಿಸಿದ್ದು ಎಂಬುದನ್ನೂ ಬರೆದರು. ಆ ಸೊನ್ನೆಯ ನಿಯಮ ಹೀಗಾಯಿತು: 'ಮುಟ್ಟಿಸಿಟ್ಟರೂ ಎರಡು ವಸ್ತುಗಳ ನಡುವೆ ಶಾಖ ಆ ಕಡೆ ಈ ಕಡೆ ಹರಿಯದಿದ್ದರೆ ಎರಡೂ ಒಂದೇ ಉಷ್ಣತೆಯಲ್ಲಿವೆ. ಇದೂ ಥರ್ಮಾಮೀಟರೂ ಸಮ, ಅದೂ ಥರ್ಮಾಮೀಟರೂ ಸಮ ಎಂದಾದರೆ, ಇದೂ ಅದೂ ಸಮ. ಥರ್ಮಾಮೀಟರನ್ನು ನಂಬುವುದು ಈ ಧೈರ್ಯದಿಂದ.' ಒಂದನೆಯದು: 'ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ, ಇಲ್ಲವಾಗುವುದೂ ಇಲ್ಲ. ರೂಪ ಬದಲಿಸುತ್ತದೆ, ಜಾಗ ಬದಲಿಸುತ್ತದೆ.' ಎರಡನೆಯದು: 'ಶಾಖ ತಾನಾಗಿಯೇ ಬಿಸಿಯಿಂದ ತಣ್ಣನೆಯ ಕಡೆಗೆ ಹೋಗುತ್ತದೆ. ಹಿಂದಕ್ಕೆ ಕಳಿಸಬೇಕಾದರೆ ಕೆಲಸ ಮಾಡಬೇಕು. ಫ್ರಿಜ್ಜು ಮಾಡುವುದು ಆ ಕೆಲಸವನ್ನೇ.' ಮೂರನೆಯದು: 'ಸೊನ್ನೆಗಿಂತ ಇನ್ನೂರ ಎಪ್ಪತ್ತಮೂರು ಡಿಗ್ರಿ ಚಿಲ್ಲರೆ ಕೆಳಗೆ ಚಳಿಯ ಕೊನೆಯ ಮೆಟ್ಟಿಲು ಇದೆ. ಅದರ ಹತ್ತಿರ ಹತ್ತಿರ ಹೋಗುತ್ತಲೇ ಇರಬಹುದು, ಎಷ್ಟು ಹೆಜ್ಜೆ ಇಟ್ಟರೂ ಅದರ ಮೇಲೆ ಕಾಲಿಡಲಾಗುವುದಿಲ್ಲ.' ಎಂಟ್ರೊಪಿ ಎಂಬ ಮಾತನ್ನು ಏನು ಮಾಡುವುದೆಂದು ಮೇಷ್ಟ್ರು ಎರಡು ದಿನ ತಲೆ ಕೆಡಿಸಿಕೊಂಡರು. ಗಲೀಜು ಎಂದು ಬರೆದರು. ಹಾಗಾದರೆ ಮನೆ ಗುಡಿಸಿದರೆ ನಿಯಮ ಮುರಿದ ಹಾಗೋ ಎಂದು ಯಾಕಮ್ಮ ಕೇಳಿದಳು. ಅವರ ಬೆರಳು ಮೇಜಿಗೆ ಬಿತ್ತು. ಕೊನೆಗೆ 'ಶಕ್ತಿ ಎಷ್ಟು ಹರಡಿಹೋಗಿದೆ ಎಂಬುದರ ಅಳತೆ' ಎಂದು ತಿದ್ದಿ, ಗುಡಿಸುವವಳ ಮೈಯಿಂದ ಹೊರಟ ಶಾಖವನ್ನೂ ಸೇರಿಸಿಕೊಂಡರೆ ಒಟ್ಟು ಹರಡುವಿಕೆ ಹೆಚ್ಚೇ ಆಯಿತು ಎಂದು ಒಂದು ಸಾಲು ಕೂಡಿಸಿದರು.

ಮೇಡಂ ಬರುವ ದಿನ ಮಧ್ಯಾಹ್ನದ ಹೊತ್ತು. ಸದ್ದಾಗಬಾರದೆಂದು ಮೇಷ್ಟ್ರು ಬಾಗಿಲು ಮುಚ್ಚಿದ್ದರು. ಮೂವರು ಕೂತ ಮೇಲೆ ಕೋಣೆ ಕುದಿಯತೊಡಗಿತು. ಮೇಡಂ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಶುರು ಮಾಡಿ ಎಂದರು.

ಯಾಕಮ್ಮ ಪುಟ ಓದಿದಳು, ಹುಬ್ಬು ಗಂಟಿಕ್ಕಿದಳು. ಪಕ್ಕಪಕ್ಕದಲ್ಲೇ ಇಟ್ಟ ಕಬ್ಬಿಣದ ಪಟ್ಟಿಯೂ ಮರದ ಹಲಗೆಯೂ ಒಂದೇ ಉಷ್ಣತೆಗೆ ಬಂದಿರಬೇಕಲ್ಲ, ಮುಟ್ಟಿದರೆ ಕಬ್ಬಿಣ ಮಾತ್ರ ಯಾಕೆ ತಣ್ಣಗೆ ಎಂದು ಕೇಳಿದಳು. ಮೇಷ್ಟ್ರ ಬೆರಳು ನೇರವಾಗಿ ಸಾಲಿಗೆ ಹೋಯಿತು. 'ಕಬ್ಬಿಣ ನಮ್ಮ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನವಾಗಿ. ಕೈಗೆ ತಿಳಿಯುವುದು ಈ ವೇಗ' ಎಂದು ಓದಿ, ಸಿಕ್ತು ಎಂದಳು. ಶಕ್ತಿ ಇಲ್ಲವಾಗುವುದೇ ಇಲ್ಲ ಎಂದಮೇಲೆ ಕರೆಂಟು ಉಳಿಸಿ ಎಂದು ಯಾಕೆ ಬಡಕೊಳ್ಳುತ್ತಾರೆ ಎಂದಳು. ಬೆರಳು ಕೆಳಗಿಳಿಯಿತು: 'ಕೆಲಸ ಮಾಡಿದ ಶಕ್ತಿ ಕೊನೆಗೆ ಸುತ್ತಲಿನ ಗಾಳಿಯಲ್ಲಿ ಉಗುರುಬೆಚ್ಚಗಿನ ಶಾಖವಾಗಿ ಹರಡಿಹೋಗುತ್ತದೆ. ಇರುತ್ತದೆ, ಆದರೆ ಕೂಡಿಸಿ ತಂದು ಮತ್ತೆ ಮೋಟಾರು ತಿರುಗಿಸಲು ಬರುವುದಿಲ್ಲ.' ಸಿಕ್ತು. ಹೀಗೇ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡೆಯಿತು. ಮೇಷ್ಟ್ರ ಮುಖ ಅರಳಿತ್ತು. ಮೇಡಮ್ಮೂ ತಲೆಯಾಡಿಸುತ್ತಿದ್ದರು.

ಯಾಕಮ್ಮನಿಗೆ ಮಾತ್ರ ಒಳಗೆ ಸಂಕಟ. ತಾನು ಕೇಳುತ್ತಿರುವುದು ಪ್ರಶ್ನೆಯಲ್ಲ, ನಾಟಕ. ಬೆರಳು ಎಲ್ಲಿ ಹೋಗುತ್ತದೆಂದು ಮೊದಲೇ ಗೊತ್ತಿದ್ದು ಕೇಳುತ್ತಿದ್ದಾಳೆ. ಈ ಪುಟ ಪಾಸಾದರೆ ವಿಭಾಗ ಉಳಿಯುತ್ತದೆ, ತಾನೂ ಉಳಿಯುತ್ತಾಳೆ, ಇದೇ ಕುರ್ಚಿಯಲ್ಲಿ, ಇದೇ ಮುಚ್ಚಿದ ಬಾಗಿಲಿನೊಳಗೆ, ಕೂದಲು ನೆರೆತು ಕಣ್ಣು ಮಂಜಾಗುವ ತನಕ. ಪಾಸಾಗದಿದ್ದರೆ ಅದಕ್ಕಿಂತ ಕೆಟ್ಟದ್ದು.

ಎಲ್ಲ ಮುಗಿಯಿತು ಎನ್ನುವಾಗ ಮೇಡಂ ಮುಖಕ್ಕೆ ಗಾಳಿ ಬೀಸಿಕೊಳ್ಳುತ್ತಾ, ನಾನೂ ಒಂದು ಕೇಳಬಹುದೇ ಎಂದರು. ಕೇಳಬೇಡಿ ಎನ್ನಲು ಯಾರಿಗೆ ಧೈರ್ಯ?

"ಏನಿಲ್ಲ, ಇಷ್ಟೊಂದು ಸೆಕೆ ಇದೆಯಲ್ಲ ಇಲ್ಲಿ. ಫ್ರಿಜ್ಜು ಶಾಖಾನ ಹಿಂದಕ್ಕೆ ಕಳಿಸುತ್ತೆ ಅಂತ ಬರ್ದಿದೀರಿ. ಹಂಗಾದ್ರೆ ಇಲ್ಲೊಂದು ಫ್ರಿಜ್ ತಂದಿಟ್ಟು, ಅದರ ಬಾಗಿಲು ತೆಗೆದಿಟ್ರೆ ಸಾಕಲ್ವಾ? ಕೋಣೆ ತಣ್ಣಗಾಗುತ್ತೆ."

ಇದು ಹೊಸಬರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ. ವರ್ಕ್‌ಶಾಪಿಗೆ ಬಂದ ಪ್ರತಿಯೊಬ್ಬನೂ ಕೇಳುತ್ತಾನೆ. ತಾನು ಯಾಕೆ ಕೇಳಲಿಲ್ಲ ಎಂದುಕೊಂಡಳು ಯಾಕಮ್ಮ. ಉತ್ತರ ತನ್ನ ಬೆನ್ನಿಗೇ ಗೊತ್ತಿತ್ತು, ಅದಕ್ಕೆ ಕೇಳಲಿಲ್ಲ. ಗೊತ್ತಿದ್ದದ್ದನ್ನು ಬಚ್ಚಿಡಲು ಅವಳು ಕಲಿತಿದ್ದಳು. ಗೊತ್ತಿರುವವರಿಗೆ ಪ್ರಶ್ನೆಯೇ ಹುಟ್ಟುವುದಿಲ್ಲ ಎಂಬುದು ಈವರೆಗೆ ಅವಳ ತಲೆಗೆ ಹೋಗಿರಲಿಲ್ಲ.

ಮೇಷ್ಟ್ರ ಬೆರಳು ಪುಟದ ಮೇಲೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಅಲೆಯಿತು. ಅವರಿಗೆ ಉತ್ತರ ಗೊತ್ತಿಲ್ಲವೆಂದಲ್ಲ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾರು. ಆದರೆ ಬಾಯಿ ಬಿಡುವಂತಿಲ್ಲ, ಪುಟದಲ್ಲಿ ಆ ಸಾಲಿಲ್ಲ. ಬೆರಳು ಮೇಜಿಗೆ ಇಳಿಯಬೇಕಿತ್ತು. ಇಳಿಯಲಿಲ್ಲ. 'ಫ್ರಿಜ್ಜು ಮಾಡುವುದು ಆ ಕೆಲಸವನ್ನೇ' ಎಂಬ ಸಾಲಿನ ಮೇಲೆ ಹೋಗಿ ನಿಂತಿತು. ಅದು ಉತ್ತರವಲ್ಲ ಎಂದು ಮೇಷ್ಟ್ರಿಗೂ ಗೊತ್ತು, ಯಾಕಮ್ಮನಿಗೂ ಗೊತ್ತು. ಮೇಡಮ್ಮಿಗೆ ಗೊತ್ತಿಲ್ಲ. ಮೇಷ್ಟ್ರು ಯಾಕಮ್ಮನ ಮುಖ ನೋಡಿದರು. ಆ ಕಣ್ಣುಗಳಲ್ಲಿ ಇದ್ದದ್ದು ಅಂಗಲಾಚುವಿಕೆ. ಪದ್ಧತಿಯ ಪ್ರಕಾರ ಸಿಕ್ತು ಎನ್ನಬೇಕಾದವಳು ಅವಳು.

ಅವಳು ಸಾಲನ್ನು ಗಟ್ಟಿಯಾಗಿ ಓದಿದಳು. ಸಿಕ್ತು ಎನ್ನಲು ಬಾಯಿ ತೆರೆದಳು. ಆಗ ಅವಳ ಕಣ್ಣಮುಂದೆ ಬಂದದ್ದು ಯಾರೂ ಅಲ್ಲ, ನಾಳೆ ಈ ಪುಟ ಓದಿ ಸೆಕೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆದಿಟ್ಟು ಅದರ ಮುಂದೆ ಮಲಗುವ ಯಾರೋ ಒಬ್ಬ.

"ಸಿಗಲಿಲ್ಲ," ಎಂದಳು.

ಮೇಷ್ಟ್ರ ಬೆರಳು ಪುಟದಿಂದ ಜಾರಿ ಮೇಜಿಗೆ ಬಿತ್ತು. ಮೇಡಂ ಇಬ್ಬರನ್ನೂ ನೋಡಿದರು. ಲೆಕ್ಕಪತ್ರದವರ ಕಣ್ಣು, ಎಲ್ಲಿಯ ಮೊತ್ತ ಎಲ್ಲಿ ಕೂಡುವುದಿಲ್ಲ ಎಂದು ಬೇಗ ಹಿಡಿಯುತ್ತದೆ. ಅಲ್ಲಿ ಉತ್ತರ ಇಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳ್ತೀರಲ್ಲ, ಹಾಗಾದರೆ ಉತ್ತರ ಏನು, ನಿಮಗೆ ಗೊತ್ತಾ ಎಂದು ಕೇಳಿದರು.

ಗೊತ್ತಿಲ್ಲ ಎಂದರೆ ಆಗುತ್ತಿತ್ತು. ಆ ಮಾತು ಅವಳ ಅನ್ನ. ಇಷ್ಟು ವರ್ಷ ನಾಲಿಗೆ ತಾನಾಗಿಯೇ ಆಡುತ್ತಿದ್ದ ಮಾತು. ಪುಟವನ್ನು ತಿದ್ದಿದರಾಯಿತು, ವಿಭಾಗಕ್ಕೆ ಒಂದು ಅವಕಾಶ ಕೊಡಿ ಎಂದು ಬೇಡಿಕೊಂಡರಾಯಿತು, ಕುರ್ಚಿ ಉಳಿಯುತ್ತದೆ. ಆ ಕುರ್ಚಿ, ಈ ಕೋಣೆ, ಆ ಓಣಿ.

"ಗೊತ್ತು ಮೇಡಂ," ಎಂದಳು. "ಕೋಣೆ ತಣ್ಣಗಾಗಲ್ಲ. ಫ್ರಿಜ್ಜು ಹೊಟ್ಟೆಯೊಳಗಿನ ಶಾಖಾನ ದೂರ ಎಲ್ಲೂ ಬಿಸಾಕಲ್ಲ, ಬೆನ್ನಿಂದ ಹೊರಗೆ ಹಾಕುತ್ತೆ. ಹೊಟ್ಟೆ ಇದೇ ಕೋಣೆಗೆ ತೆರ್ಕೊಂಡಿದೆ, ಬೆನ್ನೂ ಇದೇ ಕೋಣೇಲಿದೆ. ಇಲ್ಲಿಂದ ತಗೊಂಡು ಇಲ್ಲಿಗೇ ಕೊಡುತ್ತೆ. ಮುಂದೆ ನಿಂತವರಿಗೆ ತಂಪು, ಹಿಂದೆ ಮಲಗಿದವರಿಗೆ ಬಿಸಿ. ನಾನು ಹಿಂದೆ ಮಲಗೋಳು, ನಂಗೊತ್ತು." ಎದ್ದು ಹೋಗಿ ಗೋಡೆಯ ತೂತಿಗೆ ತುರುಕಿದ್ದ ಬಟ್ಟೆಯನ್ನು ಎಳೆದು ತೋರಿಸಿದಳು. ಈ ಕೋಣೆ ತಣ್ಣಗಿದ್ದ ಕಾಲದಲ್ಲಿ ಯಂತ್ರದ ಬೆನ್ನು ಗೋಡೆಯ ಆಚೆಗಿತ್ತು, ಏಸಿಯದೂ ಹಾಗೇ, ಆಚೆಗೆ ಒಂದು ದಾರಿ ಬೇಕು ಎಂದಳು. ಕೊನೆಗೆ, ತಗೊಂಡಷ್ಟೇ ವಾಪಸ್ ಕೊಡುವುದರಿಂದ ಕೋಣೆ ಇದ್ದ ಹಾಗೇ ಇರುತ್ತದೆ ಎಂದು ಮುಗಿಸಿದಳು.

"ಇಲ್ಲ," ಎಂದಿತು ಒಂದು ಒಡಕು ದನಿ. ಮೇಷ್ಟ್ರದ್ದು. ಬೆರಳು ಮಾತ್ರ ಆಡಬೇಕಾದ ಮೇಜಿನೆದುರು ಅವರು ಅಂದು ಮೊದಲ ಸಲ ಬಾಯಿ ಬಿಟ್ಟಿದ್ದರು. "ಇದ್ದ ಹಾಗೇ ಇರಲ್ಲ, ಇನ್ನೂ ಬಿಸಿಯಾಗುತ್ತೆ. ಕಂಪ್ರೆಸರು ತಿನ್ನೋ ಕರೆಂಟು ಎಲ್ಲಿ ಹೋಯ್ತು? ಅದೂ ಶಾಖ ಆಗಿ ಅದೇ ಬೆನ್ನಿಂದ ಬರುತ್ತೆ. ಒಳಗಿಂದ ತೆಗೆದಿದ್ದಕ್ಕಿಂತ ಹೊರಗೆ ಹಾಕೋದು ಯಾವಾಗ್ಲೂ ಜಾಸ್ತಿ. ಒಂದನೇ ನಿಯಮ ಮರೆತ್ರಲ್ಲ ಯಾಕಮ್ಮ."

ಯಾಕಮ್ಮ ನಾಲಿಗೆ ಕಚ್ಚಿಕೊಂಡಳು. ಹೌದಲ್ಲ, ಅದಕ್ಕೇ ಬೇಸಿಗೆಯಲ್ಲಿ ಅಷ್ಟು ಸುಡುವುದು ಎಂದು ಅವಳಿಗೆ ಆಗ ಹೊಳೆಯಿತು. ಪಾಠ ಹೇಳಿಸಿಕೊಂಡು ನಾಚಿಕೆಯೂ ಆಯಿತು, ಎಷ್ಟೋ ವರ್ಷಗಳ ಮೇಲೆ ನಿಜವಾಗಿ ಒಂದು ಹೊಸ ಮಾತು ತಿಳಿದು ಸುಖವೂ ಆಯಿತು.

ಮೇಡಂ ಬಾಗಿಲು ತೆಗೆಸಿ, ಗಾಳಿಗೆ ಮುಖವೊಡ್ಡಿ, ತೀರ್ಮಾನ ಹೇಳಿದರು. ಪದ್ಧತಿ ಒಳ್ಳೆಯದೇ, ವಿಭಾಗ ಇರಲಿ. ಆದರೆ ಪ್ರತಿ ಪುಸ್ತಕಕ್ಕೂ ಬೇರೆ ಬೇರೆ ಓದುಗರು ಬರಬೇಕು, ಮೊದಲು ಬರೆದಿಟ್ಟ ಹಾಗೆ. ಈಕೆಯನ್ನು ಇನ್ನು ಮೊದಲ ಓದುಗರೆಂದು ಇಟ್ಟುಕೊಳ್ಳುವುದು ಸುಳ್ಳಾಗುತ್ತದೆ. ತರಬೇತಿಯ ಪರೀಕ್ಷೆಗೆ ಎಲ್ಲರ ಹಾಗೆ ಬರಲಿ, ಪಾಸಾದರೆ ಸೇರಲಿ, ಆಗದಿದ್ದರೆ ತಮ್ಮಿಂದ ಏನೂ ಮಾಡಲಾಗದು. ಇಷ್ಟು ಹೇಳಿ ಹೋದರು. ಒಂದು ಮಾತಿನಲ್ಲಿ ಯಾಕಮ್ಮನ ಕೆಲಸ ಹೋಗಿತ್ತು.

ಮೇಷ್ಟ್ರು ಬಹಳ ಹೊತ್ತು ಅವಳ ಕಡೆ ನೋಡಲಿಲ್ಲ. ಪುಟದ ಅಂಚಿನಲ್ಲಿ ಅವಳ ಮಾತುಗಳನ್ನೇ ಬರೆಯುತ್ತಿದ್ದರು: 'ಹೊಟ್ಟೆಯೂ ಬೆನ್ನೂ ಒಂದೇ ಕೋಣೆಯಲ್ಲಿದ್ದರೆ.' ಅವಳು ಚೀಲ ಹೆಗಲಿಗೆ ಹಾಕಿಕೊಂಡಾಗ ಎದ್ದು ಬೀರುವಿನ ಬೀಗ ತೆಗೆದು, ಒಂದು ಪುಸ್ತಕ ಆರಿಸಿ ಮೇಜಿನ ಮೇಲಿಟ್ಟರು. ಪರೀಕ್ಷೆಗೆ ಇದನ್ನೇ ಕೇಳುವುದು ಎಂದರು. ದನಿಯಲ್ಲಿ ಸಿಟ್ಟಿತ್ತು, ಅಳುವೂ ಇತ್ತು.

ಸಂಜೆ ಮನೆಗೆ ಬಂದಾಗ ಅಣ್ಣ ಊಟದ ಮೇಜಿನ ಮುಂದೆ ಕೂತಿದ್ದ, ಅತ್ತಿಗೆ ತರಕಾರಿ ಹೆಚ್ಚುತ್ತಿದ್ದಳು. ಯಾಕಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇರುವ ಕೆಲಸ ಕಳೆದುಕೊಂಡು ಈ ವಯಸ್ಸಿನಲ್ಲಿ ಫ್ರಿಜ್ಜು ರಿಪೇರಿಗೆ ಹೋಗುತ್ತೀಯಾ ಎಂದು ಅಣ್ಣ ತಲೆಯ ಮೇಲೆ ಕೈಹೊತ್ತ. ಅತ್ತಿಗೆ ಎಂದಿನ ಹಾಗೆ ಮೆತ್ತಗೆ ನಕ್ಕಳು. "ಹೋಗ್ಲಿ ಬಿಡಿ, ಪರೀಕ್ಷೆ ಗಿರೀಕ್ಷೆ ಯಾಕೆ, ಮನೇಲೇ ಇರ್ಲಿ. ನಾವೇನು ಅವಳಿಗೆ ಕಮ್ಮಿ ಮಾಡಿದೀವಾ?"

ಯಾಕಮ್ಮ ಓಣಿಯ ಕಡೆ ನೋಡಿದಳು. ಫ್ರಿಜ್ಜು ಗುರುಗುಟ್ಟುತ್ತಾ ತನ್ನ ಹೊಟ್ಟೆಯ ಬಿಸಿಯನ್ನೂ ತಿಂದ ಕರೆಂಟಿನ ಬಿಸಿಯನ್ನೂ ಅವಳ ಖಾಲಿ ಮಂಚದ ಮೇಲೆ ಸುರಿಯುತ್ತಿತ್ತು. ಪರೀಕ್ಷೆಯಲ್ಲಿ ಫೇಲಾಗಬಹುದು. ಹೋಗಲು ಬೇರೆ ಮನೆಯಿಲ್ಲ. ಇದೆಲ್ಲ ಗೊತ್ತಿದ್ದೂ ಅವಳು ಕೇಳಿದಳು.

"ಅಣ್ಣ, ನನ್ನ ಮಂಚ ಫ್ರಿಜ್ಜಿನ ಹಿಂದೆ ಯಾಕೆ?"

ಕಾದಾಟದ ದನಿಯಲ್ಲಲ್ಲ, ಪುಟ ಓದಿ ತಿಳಿಯದೆ ಕೇಳುವವರ ದನಿಯಲ್ಲೇ ಕೇಳಿದಳು. ಅತ್ತಿಗೆಯ ಚಾಕು ನಿಂತಿತು. ಅಣ್ಣನ ಬೆರಳು ಮೇಜಿನ ಮೇಲೆ ಇಲ್ಲದ ಗೆರೆಯೊಂದನ್ನು ಎಳೆಯುತ್ತಾ ಹೋಗಿ, ಬರಿ ಹಲಗೆಯ ಮೇಲೆ ನಿಂತಿತು.

ಯಾಕಮ್ಮ ಓಣಿಗೆ ಹೋಗಿ, ಮಂಚದ ಕಾಲು ಹಿಡಿದು, ಫ್ರಿಜ್ಜಿನ ಪಕ್ಕದ ಸಂದಿಯಲ್ಲಿ ಓರೆ ಮಾಡಿ ಎಳೆದು, ನಡುಮನೆಯ ಕಿಟಕಿಯ ಕೆಳಗೆ ತಂದು ಹಾಕಿದಳು. ಅದರ ಮೇಲೆ ಕೂತು ಮೇಷ್ಟ್ರು ಕೊಟ್ಟ ಪುಸ್ತಕ ಬಿಚ್ಚಿದಳು.